ಟಿಎಸ್‌ಎಚ್ ನಾರ್ಮಲ್ ಇದ್ದರೆ ಥೈರಾಯ್ಡ್ ಸರಿ ಇದೆ ಎಂದೇ? ಮೂರು ರಿಪೋರ್ಟ್‌ಗಳ ಹೋಲಿಕೆ

ಮೂರು ರಿಪೋರ್ಟ್‌ಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡೋಣ. ಮೂವರ ದೂರೂ ಹೆಚ್ಚುಕಡಿಮೆ ಒಂದೇ: ಬೆಳಿಗ್ಗೆ ಎದ್ದಾಗಿನಿಂದಲೇ ಸುಸ್ತು, ಬೇರೆಯವರಿಗಿಂತ ಹೆಚ್ಚು ಚಳಿ, ಒಣಗಿದ ಚರ್ಮ, ಮಲಬದ್ಧತೆ.

ಮೊದಲನೆಯವರ ಟಿಎಸ್‌ಎಚ್ 38, ಥೈರಾಯ್ಡ್ ತಯಾರಿಸುವ ಹಾರ್ಮೋನಾದ ಫ್ರೀ ಟಿ4 0.4. ಎರಡನೆಯವರ ಟಿಎಸ್‌ಎಚ್ 7.2, ಫ್ರೀ ಟಿ4 1.1. ಮೂರನೆಯವರ ಟಿಎಸ್‌ಎಚ್ 2.1, ಫ್ರೀ ಟಿ4 0.5.

ವಯಸ್ಕರಲ್ಲಿ ಟಿಎಸ್‌ಎಚ್ ಸಾಮಾನ್ಯವಾಗಿ ಲೀಟರಿಗೆ 0.4ರಿಂದ 4.0 ಮಿಲಿ ಯೂನಿಟ್ ಇರುತ್ತದೆ, ಫ್ರೀ ಟಿ4 ಡೆಸಿಲೀಟರಿಗೆ 0.8ರಿಂದ 1.8 ನ್ಯಾನೋಗ್ರಾಂ. ಲ್ಯಾಬಿನಿಂದ ಲ್ಯಾಬಿಗೆ ಈ ಗೆರೆ ಸ್ವಲ್ಪ ಆಚೀಚೆ ಆಗುತ್ತದೆ, ಆದ್ದರಿಂದ ನಿಮ್ಮ ಹಾಳೆಯಲ್ಲಿ ಅಚ್ಚಾಗಿರುವ ಮಿತಿಯನ್ನೇ ನೋಡಿ. ಕೆಲವು ಲ್ಯಾಬ್‌ಗಳು ಫ್ರೀ ಟಿ4 ಅನ್ನು ಲೀಟರಿಗೆ ಪಿಕೋಮೋಲ್‌ಗಳಲ್ಲಿ ಕೊಡುತ್ತವೆ. ಆಗ ಸಂಖ್ಯೆ ದೊಡ್ಡದಾಗಿ, ಸುಮಾರು 10ರಿಂದ 23ರವರೆಗೆ ಕಾಣುತ್ತದೆ. ಎರಡು ಲ್ಯಾಬ್‌ಗಳ ರಿಪೋರ್ಟ್ ಹೋಲಿಸುವಾಗ ಇದನ್ನು ಗಮನಿಸದೆ ಗಾಬರಿಯಾದವರನ್ನು ನಾನು ಎಷ್ಟೋ ಬಾರಿ ಸಮಾಧಾನಪಡಿಸಿದ್ದೇನೆ.

ಈ ಮೂವರಲ್ಲಿ ಯಾರನ್ನು ಮೊದಲು ನೋಡಬೇಕು ಎಂದು ಕೇಳಿದರೆ ಹೆಚ್ಚಿನವರು 38ರ ಕಡೆಗೆ ಬೆರಳು ತೋರಿಸುತ್ತಾರೆ. ನಾನು ಮೂರನೆಯವರನ್ನು ಮೊದಲು ಕರೆಯುತ್ತೇನೆ. ಅವರಿಗೆ ಟಿಎಸ್‌ಎಚ್ ಒಂದನ್ನೇ ಮಾಡಿಸಿದ್ದರೆ ರಿಪೋರ್ಟಿನಲ್ಲಿ ಒಂದೇ ಒಂದು ದಪ್ಪಕ್ಷರವೂ ಇರುತ್ತಿರಲಿಲ್ಲ.

ಯಾವುದನ್ನು ನೋಡಿ ನಿರ್ಧರಿಸುವುದು

ಟಿಎಸ್‌ಎಚ್ ಥೈರಾಯ್ಡ್ ಗ್ರಂಥಿಯಲ್ಲಿ ಹುಟ್ಟುವ ಹಾರ್ಮೋನ್ ಅಲ್ಲ. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಥೈರಾಯ್ಡಿಗೆ ಕಳಿಸುವ ಆದೇಶ ಅದು. ಪಿಟ್ಯುಟರಿಯನ್ನು ಮೇಸ್ತ್ರಿ ಎಂದುಕೊಳ್ಳಿ, ಥೈರಾಯ್ಡನ್ನು ಕೆಲಸಗಾರ. ಆಗುವ ಕೆಲಸವೇ ಫ್ರೀ ಟಿ4, ಮೇಸ್ತ್ರಿಯ ಕೂಗು ಟಿಎಸ್‌ಎಚ್. ಕೆಲಸ ಸ್ವಲ್ಪ ಕುಂಠಿತವಾದರೂ ಮೇಸ್ತ್ರಿಯ ದನಿ ಹಲವು ಪಟ್ಟು ಏರುತ್ತದೆ. ಫ್ರೀ ಟಿ4 ಅರ್ಧಕ್ಕೆ ಇಳಿಯುವಷ್ಟರಲ್ಲಿ ಟಿಎಸ್‌ಎಚ್ ಹತ್ತಾರು ಪಟ್ಟು ಹೆಚ್ಚಿರಬೇಕು. ಟಿಎಸ್‌ಎಚ್ ಒಳ್ಳೆಯ ಸ್ಕ್ರೀನಿಂಗ್ ಪರೀಕ್ಷೆ ಎನಿಸಿಕೊಂಡಿರುವುದು ಈ ಸೂಕ್ಷ್ಮತೆಯಿಂದಲೇ.

ಆದರೆ ಈ ಲೆಕ್ಕಾಚಾರಕ್ಕೆ ಒಂದು ಷರತ್ತಿದೆ: ಮೇಸ್ತ್ರಿಯ ಗಂಟಲು ಸರಿಯಿರಬೇಕು. ಹಾಗಾಗಿ ನಾನು ರಿಪೋರ್ಟ್ ಓದುವಾಗ ಟಿಎಸ್‌ಎಚ್ ಮಿತಿಯೊಳಗಿದೆಯೇ ಎಂದು ಮೊದಲು ಕೇಳುವುದಿಲ್ಲ. ಮೊದಲು ಫ್ರೀ ಟಿ4 ನೋಡುತ್ತೇನೆ. ಆಮೇಲೆ, ಇಷ್ಟು ಟಿ4 ಇರುವವರಲ್ಲಿ ಟಿಎಸ್‌ಎಚ್ ಎಷ್ಟಿರಬೇಕಿತ್ತು ಎಂದು ಕೇಳಿಕೊಳ್ಳುತ್ತೇನೆ. 0.5 ಫ್ರೀ ಟಿ4 ಇರುವವರಲ್ಲಿ ಆರೋಗ್ಯವಂತ ಪಿಟ್ಯುಟರಿ ಕಿರುಚಾಡುತ್ತಿರಬೇಕು. ಅಲ್ಲಿ ಟಿಎಸ್‌ಎಚ್ 2.1 ಇದ್ದರೆ ಅದು ಮಿತಿಯೊಳಗಿನ ಸಂಖ್ಯೆ ನಿಜ, ಆ ಸನ್ನಿವೇಶಕ್ಕೆ ಮಾತ್ರ ತೀರಾ ಕಡಿಮೆ.

ಎರಡನೆಯ ಅಳತೆಗೋಲು ಕಾಲ. ಟಿ4ರ ಅರ್ಧಾಯುಷ್ಯ ಸುಮಾರು ಏಳು ದಿನ, ಟಿಎಸ್‌ಎಚ್ ಹೊಸ ಮಟ್ಟದಲ್ಲಿ ನೆಲೆಗೊಳ್ಳಲು ಆರರಿಂದ ಎಂಟು ವಾರ ಬೇಕು. ಇತ್ತೀಚೆಗೆ ಮಾತ್ರೆಯ ಪ್ರಮಾಣ ಬದಲಾಗಿದ್ದರೆ, ಜ್ವರ, ಆಪರೇಷನ್, ಆಸ್ಪತ್ರೆವಾಸ ಆಗಿದ್ದರೆ, ಎರಡು ಸಂಖ್ಯೆಗಳೂ ಬೇರೆ ಬೇರೆ ದಿನಗಳ ಕಥೆ ಹೇಳುತ್ತಿರಬಹುದು. ಮೂರನೆಯದು ರೋಗಿಯ ಹಿನ್ನೆಲೆ. ಅದನ್ನು ಕೇಳದೆ ಬರೀ ಹಾಳೆ ನೋಡಿ ಮೂರನೆಯ ರಿಪೋರ್ಟನ್ನು ಬಿಡಿಸುವುದು ಸಾಧ್ಯವೇ ಇಲ್ಲ.

ಪ್ರೈಮರಿ: ಗ್ರಂಥಿಯೇ ಸೋತಾಗ

ಟಿಎಸ್‌ಎಚ್ 38, ಫ್ರೀ ಟಿ4 0.4. ಮೇಸ್ತ್ರಿ ಕೂಗುತ್ತಿದ್ದಾನೆ, ಕೆಲಸ ಆಗುತ್ತಿಲ್ಲ. ತೊಂದರೆ ಥೈರಾಯ್ಡ್ ಗ್ರಂಥಿಯಲ್ಲೇ ಇದೆ. ಆಹಾರದಲ್ಲಿ ಅಯೋಡಿನ್ ಸಾಕಷ್ಟು ಸಿಗುವ ಕಡೆಗಳಲ್ಲಿ ಹೆಚ್ಚಾಗಿ ಹಾಶಿಮೋಟೊ ಕಾಯಿಲೆ ಇದಕ್ಕೆ ಕಾರಣ. ಅದರಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯೇ ಗ್ರಂಥಿಯನ್ನು ಮೆಲ್ಲಗೆ ಹಾಳುಗೆಡಹುತ್ತದೆ. ಆಂಟಿ ಟಿಪಿಒ ಎಂಬ ಆಂಟಿಬಾಡಿಯ ಪರೀಕ್ಷೆ ಅದರ ಗುರುತು ಹಿಡಿಯುತ್ತದೆ.

ಇಲ್ಲಿ ಗೊಂದಲಕ್ಕೆ ಜಾಗ ಕಡಿಮೆ. ಟಿ4 ಅನ್ನೇ ಮಾತ್ರೆಯಾಗಿ ಕೊಡುವ ಲೆವೊಥೈರಾಕ್ಸಿನ್ ಬೇಕು. ಪೂರ್ಣ ಪ್ರಮಾಣ ದೇಹತೂಕದ ಕಿಲೋಗ್ರಾಂಗೆ ಸುಮಾರು 1.6 ಮೈಕ್ರೋಗ್ರಾಂ. ವಯಸ್ಸಾದವರಲ್ಲಿ, ಹೃದಯದ ತೊಂದರೆ ಇರುವವರಲ್ಲಿ ತೀರಾ ಕಡಿಮೆಯಿಂದ ಶುರುಮಾಡಿ ಏರಿಸುತ್ತಾ ಹೋಗಬೇಕು. ಆಮೇಲಿನ ದಿನಗಳಲ್ಲಿ ಟಿಎಸ್‌ಎಚ್ ಒಂದೇ ಸಾಕು, ಯಾಕೆಂದರೆ ಇವರ ಮೇಸ್ತ್ರಿ ನಂಬಲರ್ಹ.

ಸಬ್‌ಕ್ಲಿನಿಕಲ್: ಕೂಗೂ ಇದೆ, ಕೆಲಸವೂ ಆಗುತ್ತಿದೆ

ಎರಡನೆಯ ರಿಪೋರ್ಟ್. ಟಿಎಸ್‌ಎಚ್ 7.2, ಫ್ರೀ ಟಿ4 1.1. ಗ್ರಂಥಿ ಸ್ವಲ್ಪ ದಣಿದಿದೆ, ಪಿಟ್ಯುಟರಿ ಜೋರು ಮಾಡಿ ಕೆಲಸ ತೆಗೆಸುತ್ತಿದೆ, ರಕ್ತದಲ್ಲಿ ಹಾರ್ಮೋನ್ ಇನ್ನೂ ಸಾಕಷ್ಟಿದೆ. ಮಾತ್ರೆ ಶುರುಮಾಡಬೇಕೇ ಬೇಡವೇ ಎಂದು ಜನ ಹೆಚ್ಚು ತೊಳಲಾಡುವುದು ಇಲ್ಲೇ.

ಮೊದಲ ಕೆಲಸ ಕಾಯುವುದು. ಎರಡರಿಂದ ಮೂರು ತಿಂಗಳು ಬಿಟ್ಟು ಟಿಎಸ್‌ಎಚ್, ಫ್ರೀ ಟಿ4 ಎರಡನ್ನೂ ಮತ್ತೆ ಮಾಡಿಸಿ, ಜೊತೆಗೆ ಒಮ್ಮೆ ಆಂಟಿ ಟಿಪಿಒ. ಸ್ವಲ್ಪವೇ ಏರಿದ ಟಿಎಸ್‌ಎಚ್ ಅನೇಕರಲ್ಲಿ ತಾನಾಗಿ ಇಳಿದುಬಿಡುತ್ತದೆ. ದೊಡ್ಡ ಕಾಯಿಲೆಯಿಂದ ಚೇತರಿಸಿಕೊಳ್ಳುವಾಗಲೂ ಟಿಎಸ್‌ಎಚ್ ಕೆಲವು ವಾರ ಏರಿರುವುದುಂಟು, ಕೆಲವೊಮ್ಮೆ 20ರ ತನಕ. ಒಂದೇ ರಿಪೋರ್ಟ್ ನೋಡಿ ಜೀವನಪೂರ್ತಿ ಮಾತ್ರೆಗೆ ಕೈಹಾಕುವುದು ನನಗೆ ಒಪ್ಪಿಗೆಯಿಲ್ಲ.

ಮರುಪರೀಕ್ಷೆಯಲ್ಲೂ 10ಕ್ಕಿಂತ ಹೆಚ್ಚಿದ್ದರೆ ಸಾಮಾನ್ಯವಾಗಿ ಚಿಕಿತ್ಸೆಯ ಕಡೆಗೇ ತಕ್ಕಡಿ ವಾಲುತ್ತದೆ. 10ರ ಒಳಗಿದ್ದರೆ ಉತ್ತರ ವಯಸ್ಸಿನ ಮೇಲೆ ನಿಂತಿದೆ. ಗರ್ಭಿಣಿಯಾಗಿದ್ದರೆ ಅಥವಾ ಮಗುವಿಗಾಗಿ ಪ್ರಯತ್ನಿಸುತ್ತಿದ್ದರೆ ಮೂರು ತಿಂಗಳು ಕಾಯುವ ಮಾತಿಲ್ಲ, ತಕ್ಷಣ ವೈದ್ಯರನ್ನು ಕಾಣಬೇಕು, ಗರ್ಭಧಾರಣೆಯಲ್ಲಿ ಮಿತಿಗಳೇ ಬೇರೆ. ಲಕ್ಷಣಗಳಿರುವ ನಡುವಯಸ್ಸಿನವರಿಗೆ ಕೆಲವು ತಿಂಗಳು ಸಣ್ಣ ಪ್ರಮಾಣದಲ್ಲಿ ಕೊಟ್ಟು ನೋಡಬಹುದು. ಗುಣ ಕಾಣದಿದ್ದರೆ ನಿಲ್ಲಿಸುವ ಧೈರ್ಯವೂ ಇರಬೇಕು. 65 ದಾಟಿದವರ ವಿಷಯದಲ್ಲಿ 2017ರಲ್ಲಿ ಪ್ರಕಟವಾದ ಟ್ರಸ್ಟ್ ಎಂಬ ಅಧ್ಯಯನ ದಾರಿ ತೋರಿಸಿದೆ. 737 ಹಿರಿಯರಲ್ಲಿ ಕೆಲವರಿಗೆ ಲೆವೊಥೈರಾಕ್ಸಿನ್, ಉಳಿದವರಿಗೆ ಔಷಧವಿಲ್ಲದ ಮಾತ್ರೆ ಕೊಟ್ಟು ನೋಡಿದಾಗ ಸುಸ್ತಿನಲ್ಲಾಗಲಿ ಇತರ ಲಕ್ಷಣಗಳಲ್ಲಾಗಲಿ ವ್ಯತ್ಯಾಸ ಕಾಣಲಿಲ್ಲ. 75ರ ಹಿರಿಯರೊಬ್ಬರ ಟಿಎಸ್‌ಎಚ್ 6 ಇದ್ದರೆ ನಾನು ಅದನ್ನು ಕಾಯಿಲೆ ಎಂದು ಕರೆಯಲು ಹಿಂಜರಿಯುತ್ತೇನೆ.

ಆಂಟಿ ಟಿಪಿಒ ಯಾಕೆ ಎಂದರೆ, ಮುಂದೇನಾಗುತ್ತದೆ ಎಂದು ಅಂದಾಜು ಮಾಡಲು. ಇಂಗ್ಲೆಂಡಿನ ವಿಕಮ್ ಎಂಬಲ್ಲಿ ಜನರನ್ನು ಇಪ್ಪತ್ತು ವರ್ಷ ಹಿಂಬಾಲಿಸಿದ ಸಮೀಕ್ಷೆಯಲ್ಲಿ, ಟಿಎಸ್‌ಎಚ್ ಏರಿದ್ದು ಆಂಟಿಬಾಡಿಯೂ ಇದ್ದ ಹೆಂಗಸರು ವರ್ಷಕ್ಕೆ ಶೇ. 4.3ರಂತೆ ಪೂರ್ಣ ಹೈಪೋಥೈರಾಯ್ಡ್ ಕಡೆಗೆ ಸಾಗಿದರು. ಟಿಎಸ್‌ಎಚ್ ಮಾತ್ರ ಏರಿದ್ದವರಲ್ಲಿ ಇದು ಶೇ. 2.6. ಆಂಟಿಬಾಡಿ ಒಮ್ಮೆ ಪತ್ತೆಯಾದ ಮೇಲೆ ಅದನ್ನೇ ವರ್ಷವರ್ಷ ಅಳೆಸುವುದರಿಂದ ಏನೂ ಗಿಟ್ಟುವುದಿಲ್ಲ. ವರ್ಷಕ್ಕೊಮ್ಮೆ ಟಿಎಸ್‌ಎಚ್ ನೋಡಿದರೆ ಸಾಕು.

ಸೆಕೆಂಡರಿ: ಮೇಸ್ತ್ರಿಯ ಗಂಟಲೇ ಕಟ್ಟಿದಾಗ

ಮೂರನೆಯ ರಿಪೋರ್ಟಿಗೆ ಬರೋಣ. ಇದನ್ನು ಸಂಖ್ಯೆಗಳಲ್ಲಿ ಹೇಳುವುದಕ್ಕಿಂತ ನಾನು ನೋಡಿದ ಹೆಣ್ಣುಮಗಳೊಬ್ಬಳ ಕಥೆಯಾಗಿ ಹೇಳುವುದು ಮೇಲು. ವಯಸ್ಸು 38. ಆರು ವರ್ಷದ ಹಿಂದೆ ಎರಡನೆಯ ಹೆರಿಗೆ. ಅವತ್ತು ವಿಪರೀತ ರಕ್ತಸ್ರಾವವಾಗಿ ರಕ್ತ ಹಾಕಬೇಕಾಗಿತ್ತು. ಮಗುವಿಗೆ ಎದೆಹಾಲು ಬರಲೇ ಇಲ್ಲ. ಮುಟ್ಟು ಮತ್ತೆ ಶುರುವಾಗಲಿಲ್ಲ. ಸುಸ್ತು, ಚಳಿ, ಕಂಕುಳಿನ ಕೂದಲು ಉದುರಿದ್ದು, ಎದ್ದುನಿಂತರೆ ತಲೆಸುತ್ತು, ಎಲ್ಲವೂ ಒಂದೊಂದಾಗಿ ಸೇರಿಕೊಂಡವು. ನಡುವೆ ಎರಡು ಬಾರಿ ಥೈರಾಯ್ಡ್ ಪರೀಕ್ಷೆ ಎಂದು ಟಿಎಸ್‌ಎಚ್ ಮಾತ್ರ ಮಾಡಿದ್ದರು, 1.9 ಮತ್ತು 2.1. ಎರಡೂ ಸಲ "ಥೈರಾಯ್ಡ್ ನಾರ್ಮಲ್, ರಕ್ತಹೀನತೆ ಇದೆ" ಎಂದು ಕಬ್ಬಿಣದ ಮಾತ್ರೆ ಕೊಟ್ಟು ಕಳಿಸಿದ್ದರು.

ಈಕೆಯ ರಕ್ತದಲ್ಲಿ ಸೋಡಿಯಂ 128ಕ್ಕೆ ಇಳಿದಿತ್ತು, ಇರಬೇಕಾದ್ದು 135ರ ಮೇಲೆ. ಫ್ರೀ ಟಿ4 ಮಾಡಿಸಿದಾಗ 0.5. ಎರಡನ್ನೂ ಹೆರಿಗೆಯ ಕಥೆಯನ್ನೂ ಜೋಡಿಸಿದರೆ ಉತ್ತರ ಸಿಕ್ಕಿತು: ಶೀಹನ್ಸ್ ಸಿಂಡ್ರೋಮ್. ಗರ್ಭಾವಸ್ಥೆಯಲ್ಲಿ ಪಿಟ್ಯುಟರಿ ಊದಿಕೊಂಡಿರುತ್ತದೆ. ಹೆರಿಗೆಯಲ್ಲಿ ರಕ್ತ ಹರಿದು ಬಿಪಿ ಕುಸಿದರೆ ಅದಕ್ಕೆ ರಕ್ತ ಸಾಲದೆ ಒಂದು ಭಾಗ ಸತ್ತುಹೋಗುತ್ತದೆ. ಹೆರಾಲ್ಡ್ ಶೀಹನ್ ಇದನ್ನು ವಿವರಿಸಿದ್ದು 1937ರಲ್ಲಿ.

ಪಿಟ್ಯುಟರಿ ಹಾಳಾದರೆ ಟಿಎಸ್‌ಎಚ್ ಸೊನ್ನೆಗೆ ಇಳಿಯಬೇಕಲ್ಲ, 2.1 ಹೇಗೆ ಎಂಬ ಪ್ರಶ್ನೆ ಸಹಜ. ಉಳಿದ ಜೀವಕೋಶಗಳು ಟಿಎಸ್‌ಎಚ್ ತಯಾರಿಸುತ್ತಲೇ ಇರುತ್ತವೆ. ಆದರೆ ಆ ಅಣುವಿಗೆ ಅಂಟಿಕೊಳ್ಳಬೇಕಾದ ಸಕ್ಕರೆಯ ಎಳೆಗಳು ಸರಿಯಾಗಿ ಕೂಡಿಕೊಂಡಿರುವುದಿಲ್ಲ, ಹಾಗಾಗಿ ಅದು ಥೈರಾಯ್ಡನ್ನು ಚೆನ್ನಾಗಿ ಎಚ್ಚರಿಸಲಾರದು. ಲ್ಯಾಬಿನ ಯಂತ್ರ ಅಣುಗಳ ಸಂಖ್ಯೆಯನ್ನು ಅಳೆಯುತ್ತದೆಯೇ ಹೊರತು ಅವುಗಳ ಕಸುವನ್ನಲ್ಲ. ಸೆಕೆಂಡರಿಯಲ್ಲಿ ಟಿಎಸ್‌ಎಚ್ ಕಡಿಮೆ ಇರಬಹುದು, ನಾರ್ಮಲ್ ಇರಬಹುದು, ಒಮ್ಮೊಮ್ಮೆ ತುಸು ಏರಿಯೂ ಇರಬಹುದು. ಟಿಎಸ್‌ಎಚ್ 6, ಫ್ರೀ ಟಿ4 0.5 ಎಂಬ ರಿಪೋರ್ಟ್ ಬಂದರೂ ನನಗೆ ಅನುಮಾನ ಹುಟ್ಟುತ್ತದೆ: ಅಷ್ಟು ಕಡಿಮೆ ಟಿ4ಗೆ ಆರು ಸಾಲದು.

ಪಿಟ್ಯುಟರಿಯಲ್ಲಿ ಗಡ್ಡೆ, ಅಲ್ಲಿನ ಆಪರೇಷನ್, ತಲೆಗೆ ಕೊಟ್ಟ ರೇಡಿಯೇಷನ್, ತಲೆಗೆ ಬಿದ್ದ ದೊಡ್ಡ ಪೆಟ್ಟು, ಕ್ಯಾನ್ಸರಿಗೆ ಕೊಡುವ ಕೆಲವು ಇಮ್ಯುನೋಥೆರಪಿ ಔಷಧಗಳು, ಇವೂ ಇದೇ ಚಿತ್ರ ತರುತ್ತವೆ. ಪಿಟ್ಯುಟರಿಗೂ ಮೇಲಿರುವ ಹೈಪೋಥಲಾಮಸ್‌ನಲ್ಲಿ ತೊಂದರೆಯಾದರೂ ರಿಪೋರ್ಟ್ ಹೀಗೆಯೇ ಕಾಣುತ್ತದೆ. ಜೊತೆಗೆ ತಲೆನೋವು, ದೃಷ್ಟಿಯ ಅಂಚು ಮಬ್ಬಾಗುವುದು ಇದ್ದರೆ ಎಂಆರ್‌ಐ ತಡಮಾಡಬಾರದು.

ಮೂರನೆಯವರನ್ನು ಮೊದಲು ಕರೆಯುತ್ತೇನೆ ಎಂದದ್ದಕ್ಕೆ ಕಾರಣ ಥೈರಾಯ್ಡ್ ಅಲ್ಲ, ಕಾರ್ಟಿಸಾಲ್. ಕಾರ್ಟಿಸಾಲ್ ಹಾರ್ಮೋನನ್ನು ತಯಾರಿಸುವ ಅಡ್ರಿನಲ್ ಗ್ರಂಥಿಗಳಿಗೂ ಪಿಟ್ಯುಟರಿಯೇ ಆದೇಶ ಕೊಡುತ್ತದೆ. ಅದೂ ನಿಂತಿದ್ದರೆ ದೇಹ ಅತ್ಯಲ್ಪ ಕಾರ್ಟಿಸಾಲಿನಲ್ಲಿ ಹೇಗೋ ದಿನ ತಳ್ಳುತ್ತಿರುತ್ತದೆ. ಅಂಥವರಿಗೆ ನೇರವಾಗಿ ಲೆವೊಥೈರಾಕ್ಸಿನ್ ಕೊಟ್ಟರೆ ದೇಹದ ಚಟುವಟಿಕೆ ಚುರುಕಾಗಿ, ಇರುವ ಕಾರ್ಟಿಸಾಲ್ ಇನ್ನಷ್ಟು ಬೇಗ ಖರ್ಚಾಗಿ, ಬಿಪಿ ಕುಸಿದು ಪ್ರಾಣಕ್ಕೇ ಬರಬಹುದು. ಆದ್ದರಿಂದ ಕ್ರಮ ತಪ್ಪಬಾರದು. ಬೆಳಿಗ್ಗೆ ಎಂಟರ ಸುಮಾರಿಗೆ ಕಾರ್ಟಿಸಾಲ್ ನೋಡಬೇಕು. ಡೆಸಿಲೀಟರಿಗೆ 3 ಮೈಕ್ರೋಗ್ರಾಂಗಿಂತ ಕಡಿಮೆ ಇದ್ದರೆ ಕೊರತೆ ಖಚಿತ ಎನ್ನಬಹುದು, 15ಕ್ಕಿಂತ ಹೆಚ್ಚಿದ್ದರೆ ಕೊರತೆಯ ಸಾಧ್ಯತೆ ಕಡಿಮೆ, ನಡುವೆ ಇದ್ದರೆ ಪ್ರಚೋದನಾ ಪರೀಕ್ಷೆ ಬೇಕು. ಈಕೆಯದು 2.4. ಎಂಆರ್‌ಐಯಲ್ಲಿ ಪಿಟ್ಯುಟರಿ ಕುಗ್ಗಿ, ಅದು ಕೂರುವ ಗೂಡು ಬಹುಪಾಲು ಖಾಲಿಯಾಗಿತ್ತು. ಮೊದಲು ಕಾರ್ಟಿಸಾಲಿನ ಕೊರತೆ ತುಂಬುವ ಹೈಡ್ರೋಕಾರ್ಟಿಸೋನ್, ಕೆಲವು ದಿನ ಕಳೆದ ಮೇಲೆ ಲೆವೊಥೈರಾಕ್ಸಿನ್ 50 ಮೈಕ್ರೋಗ್ರಾಂ. ಸೋಡಿಯಂ ಒಂದು ವಾರದೊಳಗೆ ಸರಿಹೋಯಿತು, ಅದು ಹೈಡ್ರೋಕಾರ್ಟಿಸೋನಿನ ಕೆಲಸ.

ಸೆಕೆಂಡರಿಯಂತೆ ಕಾಣುವ ಬೇರೆಯವು

ಫ್ರೀ ಟಿ4 ಕಡಿಮೆ, ಟಿಎಸ್‌ಎಚ್ ಏರಿಲ್ಲ ಎಂದಾಕ್ಷಣ ಪಿಟ್ಯುಟರಿಯನ್ನೇ ದೂರಬೇಕಿಲ್ಲ. ಎರಡು ಸಂದರ್ಭಗಳನ್ನು ತಪ್ಪದೆ ಕೇಳಬೇಕು.

ಒಂದು, ಇತ್ತೀಚಿನವರೆಗೆ ಥೈರಾಯ್ಡ್ ಹೆಚ್ಚಾಗಿತ್ತೇ? ಹೈಪರ್‌ಥೈರಾಯ್ಡ್ ಇದ್ದಾಗ ಮೇಸ್ತ್ರಿ ತಿಂಗಳುಗಟ್ಟಲೆ ಬಾಯಿಮುಚ್ಚಿ ಕೂತಿರುತ್ತಾನೆ. ಅದನ್ನು ತಗ್ಗಿಸುವ ಕಾರ್ಬಿಮಜೋಲ್ ಮಾತ್ರೆಯಿಂದ ಟಿ4 ಇಳಿದ ಮೇಲೂ ಅವನು ಮತ್ತೆ ದನಿ ಎತ್ತಲು ವಾರಗಳು, ಕೆಲವರಲ್ಲಿ ತಿಂಗಳುಗಳೇ ಹಿಡಿಯುತ್ತವೆ. ಆ ನಡುವಿನ ರಿಪೋರ್ಟ್ ಥೇಟ್ ಸೆಕೆಂಡರಿಯಂತೆ ಇರುತ್ತದೆ. ಚಿಕಿತ್ಸೆಯ ಮೊದಲ ತಿಂಗಳುಗಳಲ್ಲಿ ಟಿಎಸ್‌ಎಚ್ ನಂಬದೆ ಫ್ರೀ ಟಿ4 ನೋಡಿ ಮಾತ್ರೆ ಹೊಂದಿಸುವುದು ಇದಕ್ಕೇ.

ಎರಡು, ದೊಡ್ಡ ಕಾಯಿಲೆ. ಐಸಿಯುನಲ್ಲಿರುವವರಲ್ಲಿ ಮೊದಲು ಇನ್ನೊಂದು ಥೈರಾಯ್ಡ್ ಹಾರ್ಮೋನಾದ ಟಿ3 ಬೀಳುತ್ತದೆ, ಕಾಯಿಲೆ ತೀವ್ರವಾದರೆ ಟಿ4 ಕೂಡ, ಆದರೂ ಟಿಎಸ್‌ಎಚ್ ಏರುವುದಿಲ್ಲ. ಸ್ಟೀರಾಯ್ಡ್ ಮತ್ತು ಡೋಪಮಿನ್ ಅದನ್ನು ಇನ್ನಷ್ಟು ಅದುಮುತ್ತವೆ. ಪಿಟ್ಯುಟರಿಯ ಬಗ್ಗೆ ಬಲವಾದ ಅನುಮಾನ ಇಲ್ಲದಿದ್ದರೆ ಗುಣವಾಗಿ ಆರು ವಾರ ಕಳೆದ ಮೇಲೆ ಮತ್ತೆ ನೋಡಬೇಕು. ಫಿಟ್ಸ್‌ಗೆ ಕೊಡುವ ಫೆನಿಟಾಯಿನ್, ಕಾರ್ಬಮಜೆಪಿನ್ ಕೂಡ ಫ್ರೀ ಟಿ4 ಅನ್ನು ಕಡಿಮೆ ತೋರಿಸಬಲ್ಲವು.

ಟಿಎಸ್‌ಎಚ್ ಕಡಿಮೆ, ಫ್ರೀ ಟಿ4 ಮಿತಿಯೊಳಗೆ ಎಂಬ ರಿಪೋರ್ಟಿನಲ್ಲಿ ಟಿ4 ಮಿತಿಯ ಯಾವ ತುದಿಯಲ್ಲಿದೆ ಎಂದು ನೋಡಿ. ಮೇಲ್ತುದಿಯಲ್ಲಿದ್ದರೆ ಸಬ್‌ಕ್ಲಿನಿಕಲ್ ಹೈಪರ್‌ಥೈರಾಯ್ಡ್ ಕಡೆಗೆ ಯೋಚಿಸಬೇಕು, ಕೆಳತುದಿಗೆ ಅಂಟಿಕೊಂಡಿದ್ದರೆ ಪಿಟ್ಯುಟರಿಯ ಕಡೆಗೆ. ಕೂದಲು, ಉಗುರಿಗೆಂದು ಬಯೋಟಿನ್ ಮಾತ್ರೆ ನುಂಗುವವರಲ್ಲಿ ಕೆಲವು ಯಂತ್ರಗಳು ಟಿಎಸ್‌ಎಚ್ ಅನ್ನು ಸುಳ್ಳಾಗಿ ಕಡಿಮೆ, ಟಿ4 ಅನ್ನು ಸುಳ್ಳಾಗಿ ಹೆಚ್ಚು ತೋರಿಸುತ್ತವೆ. ಪರೀಕ್ಷೆಗೆ ಕನಿಷ್ಠ ಎರಡು ದಿನ ಮೊದಲು ಅದನ್ನು ನಿಲ್ಲಿಸಿರಬೇಕು.

ಹಾಗಾದರೆ ಯಾವ ಪರೀಕ್ಷೆ ಮಾಡಿಸುವುದು

ವಿಶೇಷ ದೂರುಗಳಿಲ್ಲದೆ ಒಮ್ಮೆ ನೋಡಿಕೊಳ್ಳೋಣ ಎನ್ನುವವರಿಗೆ, ಮತ್ತು ಪ್ರೈಮರಿ ಎಂದು ಖಚಿತವಾಗಿ ಮಾತ್ರೆ ತಿನ್ನುತ್ತಿರುವವರಿಗೆ ಟಿಎಸ್‌ಎಚ್ ಒಂದೇ ಸಾಕು. ಹೆಚ್ಚು ಖರ್ಚಿನ ಪ್ಯಾಕೇಜ್ ಅವರಿಗೆ ಹೊಸದೇನನ್ನೂ ಹೇಳುವುದಿಲ್ಲ.

ಲಕ್ಷಣಗಳು ಗಟ್ಟಿಯಾಗಿದ್ದೂ ಟಿಎಸ್‌ಎಚ್ ನಾರ್ಮಲ್ ಬಂದವರಿಗೆ, ಮುಟ್ಟು ನಿಂತಿರುವವರಿಗೆ, ಹೆರಿಗೆಯಲ್ಲಿ ಭಾರೀ ರಕ್ತಸ್ರಾವವಾದವರಿಗೆ, ತಲೆಯ ಆಪರೇಷನ್ ಅಥವಾ ರೇಡಿಯೇಷನ್ ಆದವರಿಗೆ, ಕಾರಣ ತಿಳಿಯದೆ ಸೋಡಿಯಂ ಇಳಿದವರಿಗೆ ಫ್ರೀ ಟಿ4 ಸೇರಲೇಬೇಕು. ಕೈಯಲ್ಲಿರುವ ಹಣಕ್ಕೆ ಇನ್ನೊಂದೇ ಪರೀಕ್ಷೆ ಸಾಧ್ಯ ಎಂದರೆ ಟಿ3 ಬಿಟ್ಟು ಫ್ರೀ ಟಿ4 ಆರಿಸಿ. ಹೈಪೋಥೈರಾಯ್ಡಿನಲ್ಲಿ ಟಿ3 ಬಹಳ ಕಾಲ ನಾರ್ಮಲ್ ಆಗಿಯೇ ಉಳಿಯುತ್ತದೆ, ಅದರ ನಿಜವಾದ ಉಪಯೋಗ ಹೈಪರ್‌ಥೈರಾಯ್ಡಿನ ಅನುಮಾನ ಇದ್ದಾಗ. ಟೋಟಲ್ ಟಿ3, ಟೋಟಲ್ ಟಿ4 ಇರುವ ಪ್ಯಾಕೇಜುಗಳಲ್ಲಿ ಇನ್ನೊಂದು ತೊಡಕಿದೆ. ಗರ್ಭಿಣಿಯರಲ್ಲಿ, ಈಸ್ಟ್ರೋಜನ್ ಇರುವ ಮಾತ್ರೆ ತೆಗೆದುಕೊಳ್ಳುವವರಲ್ಲಿ ಹಾರ್ಮೋನನ್ನು ಹೊತ್ತೊಯ್ಯುವ ಪ್ರೋಟೀನು ಹೆಚ್ಚುತ್ತದೆ, ಟೋಟಲ್ ಸಂಖ್ಯೆ ಸುಮ್ಮನೆ ಏರಿ ಕಾಣುತ್ತದೆ.

ಆ ಹೆಣ್ಣುಮಗಳಿಗೆ ಎರಡು ತಿಂಗಳಲ್ಲಿ ಫ್ರೀ ಟಿ4 1.0ಕ್ಕೆ ಬಂತು. ಪ್ರಮಾಣ ಏರಿಸಿದ ಮೇಲೆ 1.4, ಅಂದರೆ ಮಿತಿಯ ಮೇಲಿನ ಅರ್ಧದಲ್ಲಿ, ನಮಗೆ ಬೇಕಾದಲ್ಲೇ. ಆ ಹೊತ್ತಿಗೆ ಟಿಎಸ್‌ಎಚ್ 0.05ಕ್ಕೆ ಇಳಿದಿತ್ತು. ಊರಿನಿಂದಾಚೆ ಇದ್ದಾಗ ಬೇರೆಡೆ ಟಿಎಸ್‌ಎಚ್ ಮಾತ್ರ ಮಾಡಿಸಿದರು. ಮಾತ್ರೆ ಹೆಚ್ಚಾಗಿದೆ ಎಂದು ಅಲ್ಲಿನ ವೈದ್ಯರು ಅರ್ಧಕ್ಕೆ ಇಳಿಸಿದರು, ಮೂರು ತಿಂಗಳಲ್ಲಿ ಹಳೆಯ ಸುಸ್ತೆಲ್ಲ ವಾಪಸ್ಸಾಯಿತು. ಈಗ ಅವರ ಫೈಲಿನ ಮೊದಲ ಪುಟದಲ್ಲಿ ಕೆಂಪು ಶಾಯಿಯಲ್ಲಿ ಮೂರು ಸಾಲು ಬರೆದುಕೊಟ್ಟಿದ್ದೇನೆ: "ತೊಂದರೆ ಪಿಟ್ಯುಟರಿಯದು. ಮಾತ್ರೆಯ ಪ್ರಮಾಣವನ್ನು ಫ್ರೀ ಟಿ4 ನೋಡಿ ಬದಲಿಸಿ, ಟಿಎಸ್‌ಎಚ್ ನೋಡಿ ಅಲ್ಲ. ಹೈಡ್ರೋಕಾರ್ಟಿಸೋನ್ ಒಂದು ದಿನವೂ ನಿಲ್ಲಿಸಬೇಡಿ."